ತೊಂಬತ್ತು ಪ್ರತಿಶತ ಫಲಿತಾಂಶದ ವರದಿಯನ್ನು ನಾನು ಹರಿದು ಮತ್ತೆ ಬರೆದದ್ದೇಕೆ

ರಾಣೆಬೆನ್ನೂರು ಸೀಮೆಯ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯನಾಗಿರುವ ನಾನು ಪ್ರತಿವರ್ಷ ಜೂನ್ ತಿಂಗಳಲ್ಲಿ ಆಡಳಿತ ಮಂಡಳಿಯ ಸಭೆಗೆ ವಾರ್ಷಿಕ ವರದಿಯನ್ನು ಒಪ್ಪಿಸುತ್ತೇನೆ. ಫಲಿತಾಂಶ, ಹಾಜರಾತಿ, ಸಹಪಠ್ಯ ಚಟುವಟಿಕೆ ಎಂದು ಮೂರು ಭಾಗ, ಕೊನೆಗೆ ಫೋಟೋಗಳು. ಅನೇಕ ವರ್ಷ ಇದೇ ನಮೂನೆ ನಡೆದುಬಂದಿತ್ತು. ಒಂದು ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ 78ರಿಂದ 90 ಪ್ರತಿಶತಕ್ಕೆ ಏರಿದೆ ಎಂದು ಓದಿ ನಾನು ಕುಳಿತಾಗ ಸದಸ್ಯರೆಲ್ಲ ಚಪ್ಪಾಳೆ ತಟ್ಟಿದರು. ಮೆಣಸಿನಕಾಯಿ ವ್ಯಾಪಾರ ಮಾಡುವ ಒಬ್ಬ ಹಿರಿಯ ಸದಸ್ಯರು ಮಾತ್ರ ಕನ್ನಡಕ ತೆಗೆದು ಕೇಳಿದರು: "ಹೆಡ್‌ಮಾಸ್ತರ್ರ, ಹ್ವಾದ ಜೂನ್‌ದಾಗ ಹತ್ತನೇತ್ತೆಗೆ ಎಷ್ಟ ಹುಡುಗ್ರ ಇದ್ರೂರಿ?" ಆ ಸಂಖ್ಯೆ ನನ್ನ ವರದಿಯಲ್ಲಿ ಎಲ್ಲಿಯೂ ಇರಲಿಲ್ಲ.

ಸಭೆ ಮುಗಿದ ಮೇಲೆ ದಾಖಲೆಗಳನ್ನು ತೆರೆದು ಕುಳಿತೆ. ಜೂನ್‌ನಲ್ಲಿ ಹಾಜರಿ ಪುಸ್ತಕದಲ್ಲಿದ್ದವರು 50 ಮಕ್ಕಳು. ಅವರಲ್ಲಿ ಮೂವರು ಟಿಸಿ ಪಡೆದು ಬೇರೆ ಊರಿನ ಶಾಲೆಗೆ ಸೇರಿದ್ದರಿಂದ ನಮ್ಮ ಹೊಣೆಗೆ ಉಳಿದವರು 47. ಪರೀಕ್ಷೆ ಬರೆದವರು 40, ತೇರ್ಗಡೆಯಾದವರು 36. ಪ್ರತಿಶತವನ್ನು ಪರೀಕ್ಷೆಗೆ ಕುಳಿತವರ ಮೇಲೆ ತೆಗೆಯುವುದು ರೂಢಿಯಾದ್ದರಿಂದ 40ಕ್ಕೆ 36, ಅಂದರೆ 90. ಅದರ ಹಿಂದಿನ ವರ್ಷವೂ ಜೂನ್‌ನಲ್ಲಿ 50 ಮಕ್ಕಳೇ ಇದ್ದರು. ಟಿಸಿ ಪಡೆದವರು ಇಬ್ಬರು, ಉಳಿದ 48ರಲ್ಲಿ ಪರೀಕ್ಷೆ ಬರೆದವರು 46, ತೇರ್ಗಡೆಯಾದವರು ಆಗಲೂ 36. ಎರಡೂ ವರ್ಷ ಪಾಸಾದವರ ಸಂಖ್ಯೆಯಲ್ಲಿ ಒಂದು ಮಗುವಿನ ವ್ಯತ್ಯಾಸವೂ ಇರಲಿಲ್ಲ. ನಮ್ಮಲ್ಲಿ ಉಳಿದಿದ್ದ ಮಕ್ಕಳ ಮೇಲೆ ಲೆಕ್ಕ ಹಾಕಿದರೆ ಹಿಂದಿನ ವರ್ಷ 75, ಈ ವರ್ಷ 76ಕ್ಕಿಂತ ಸ್ವಲ್ಪ ಹೆಚ್ಚು. ಚಪ್ಪಾಳೆ ಬಿದ್ದ ಹನ್ನೆರಡು ಅಂಕಿಗಳ ಏರಿಕೆಯಲ್ಲಿ ಬಹುಪಾಲು, ಪರೀಕ್ಷಾ ಕೇಂದ್ರಕ್ಕೇ ಹೋಗದ ಏಳು ಮಕ್ಕಳಿಂದ ಬಂದದ್ದು.

ರೂಢಿಯ ಲೆಕ್ಕ ತಪ್ಪೆಂದು ನಾನು ಹೇಳುತ್ತಿಲ್ಲ. ಒಂದೇ ಪರೀಕ್ಷೆ ಬರೆದ ಶಾಲೆಗಳನ್ನು ಹೋಲಿಸಲು ಇಲಾಖೆಗೆ ಅದು ಬೇಕು. ಆದರೆ ತನ್ನದೇ ಶಾಲೆಯನ್ನು ನಡೆಸುವ ಮಂಡಳಿಗೆ ಅದೊಂದೇ ಸಾಲದು, ಏಕೆಂದರೆ ದುರ್ಬಲ ಮಕ್ಕಳು ಬಿಟ್ಟುಹೋದಷ್ಟೂ ಅದು ಏರುತ್ತ ಹೋಗುತ್ತದೆ.

ಆ ಏಳು ಮಕ್ಕಳಲ್ಲಿ ನಾಲ್ವರು ದೀಪಾವಳಿಯ ನಂತರ ಶಾಲೆಗೆ ಬಂದಿರಲಿಲ್ಲ. ಪರೀಕ್ಷೆಗೆ ಬೇಕಾದ 75 ಪ್ರತಿಶತ ಹಾಜರಾತಿ ಅವರಿಗೆ ಆಗಲೇ ಇಲ್ಲ. ಮೂವರು ಹಾಲ್ ಟಿಕೆಟ್ ಪಡೆದೂ ಪರೀಕ್ಷೆಗೆ ಹೋಗಲಿಲ್ಲ. ಇದು ಮಾರ್ಚ್‌ನಲ್ಲಿ ಒಮ್ಮೆಲೇ ಆದದ್ದಲ್ಲ. ಎಲ್ಲಿಂದ ಶುರುವಾಯಿತೆಂದು ಹುಡುಕುತ್ತ ಹೋದಾಗ ಸಿಕ್ಕಿದ ಸುಳಿವು ಹಾಜರಿ ಪುಸ್ತಕದ್ದಲ್ಲ, ಅಡುಗೆಮನೆಯದು. ಬೆಳಿಗ್ಗೆ ಹಾಜರಿ ತೆಗೆದು ಬಿಸಿಯೂಟಕ್ಕೆ ಮಕ್ಕಳ ಸಂಖ್ಯೆ ಹೇಳಿ ಕಳಿಸುವುದು ವಾಡಿಕೆ. ಸೆಪ್ಟೆಂಬರ್‌ನಲ್ಲಿ ಒಂದು ದಿನ ಅಡುಗೆಯ ಅಕ್ಕ ಬಂದು, "ಸರ, ನೀವ ಹೇಳಿ ಕಳಸಿದ ಲೆಕ್ಕಕ್ಕಿಂತಾ ತಾಟ ಹೆಚ್ಚ ಆಗಾಕತ್ತಾವ್ರಿ, ಅನ್ನ ಸಾಲವಲ್ದು" ಎಂದಿದ್ದರು. ಅಂದು ನಾನು ಒಂದು ಸೇರು ಅಕ್ಕಿ ಹೆಚ್ಚಿಗೆ ಹಾಕಿರೆಂದು ಹೇಳಿ ಮುಗಿಸಿದ್ದೆ. ಬೆಳಿಗ್ಗೆ ಇಲ್ಲದ ಮಕ್ಕಳು ಊಟದ ಹೊತ್ತಿಗೆ ಎಲ್ಲಿಂದ ಬಂದರೆಂದು ಕೇಳಬೇಕೆಂದು ತೋಚಲಿಲ್ಲ.

ನಮ್ಮ ಕಡೆಯವರಿಗೆ ಇದು ಗೊತ್ತಿರುವ ಸಂಗತಿಯೇ. ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ಮಳೆಗಾಲದ ಕೊನೆಗೆ ಕ್ರಾಸಿಂಗ್ ಕೆಲಸ ಶುರುವಾಗುತ್ತದೆ. ಮರುದಿನ ಅರಳಲಿರುವ ಮೊಗ್ಗಿನ ಗಂಡು ಭಾಗವನ್ನು ಸಂಜೆ ಕೈಯಿಂದ ಬಿಡಿಸಿ ಗುರುತು ಮಾಡಿಟ್ಟು, ಬೆಳಿಗ್ಗೆ ಹೂವು ಅರಳಿದ ಮೇಲೆ ಬೇರೆ ತಳಿಯ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಈ ಕೆಲಸಕ್ಕೆ ಸಣ್ಣ ಬೆರಳುಗಳೇ ಬೇಕೆಂಬ ನಂಬಿಕೆ ಇದೆ. ಬೆಳಗಿನ ಕೆಲಸ ಮುಗಿಸಿ ಹುಡುಗಿಯರು ಶಾಲೆಗೆ ಬರುವಾಗ ಮೊದಲ ಎರಡು ಪಿರಿಯಡ್ ಮುಗಿದಿರುತ್ತಿದ್ದವು. ನಮ್ಮ ವೇಳಾಪಟ್ಟಿಯಲ್ಲಿ ಆ ಎರಡೂ ಗಣಿತ ಮತ್ತು ವಿಜ್ಞಾನ. ಮಕ್ಕಳ ತಲೆ ಬೆಳಿಗ್ಗೆ ತಾಜಾ ಇರುತ್ತದೆಂದು ಹಾಗೆ ಹಾಕಿದವನು ನಾನೇ.

ಹಾಜರಿಯನ್ನು ನಾವು ದಿನಕ್ಕೆ ಎರಡು ಸಲ ಗುರುತಿಸುತ್ತಿದ್ದೆವಾದರೂ, ತಿಂಗಳ ಗೋಷ್ವಾರೆ ಬರೆಯುವಾಗ ಒಂದು ಹೊತ್ತು ಬಂದವರನ್ನೂ ಪೂರ್ಣ ದಿನದ ಹಾಜರಿಗೆ ಸೇರಿಸುತ್ತಿದ್ದೆವು. ಆ ಸೆಪ್ಟೆಂಬರ್‌ನಲ್ಲಿ 24 ಕೆಲಸದ ದಿನಗಳು. ನಲವತ್ತು ಮಕ್ಕಳು ಸರಾಸರಿ 23 ದಿನ ಬಂದಿದ್ದರು. ಉಳಿದ ಹತ್ತು ಮಕ್ಕಳಿಗೂ ತಲಾ 22 ದಿನ ಬಿದ್ದಿತ್ತು. ತರಗತಿಯ ಹಾಜರಾತಿ 95 ಪ್ರತಿಶತವೆಂದು ವರದಿಯಲ್ಲಿ ಬರೆದಿದ್ದೆ. ಬೆಳಗಿನ ಗುರುತುಗಳನ್ನಷ್ಟೇ ಎಣಿಸಿದಾಗ ಆ ಹತ್ತು ಮಕ್ಕಳು ಬಂದದ್ದು ತಲಾ 10 ದಿನ, ತರಗತಿಯ ಸರಾಸರಿ 85. ಇದೂ ಸಾಮಾನ್ಯವಾಗಿ ಯಾರನ್ನೂ ಬೆಚ್ಚಿಬೀಳಿಸುವ ಅಂಕಿಯಲ್ಲ, ಆದರೆ ಅದರೊಳಗೆ ಹತ್ತು ಮಕ್ಕಳು ತಿಂಗಳಲ್ಲಿ ಹದಿನಾಲ್ಕು ದಿನ ಗಣಿತದ ಪಾಠವನ್ನೇ ಕೇಳಿರಲಿಲ್ಲ. ಈ ಹತ್ತರಲ್ಲಿ ಐವರು ಪರೀಕ್ಷೆ ಬರೆಯದ ಆ ಏಳರೊಳಗೆ ಸೇರಿದ್ದರು. ಅನುತ್ತೀರ್ಣರಾದ ನಾಲ್ವರಲ್ಲಿ ಮೂವರು ಇವರೇ, ಮೂವರೂ ಬಿದ್ದದ್ದು ಗಣಿತದಲ್ಲಿ. ಇಬ್ಬರು ಮಾತ್ರ ದಾಟಿದರು.

ಆದ್ದರಿಂದ ಹಾಜರಾತಿಯ ಭಾಗದಲ್ಲಿ ವರ್ಷದ ಸರಾಸರಿಯನ್ನು ಕೊಡುವುದನ್ನು ನಾನು ನಿಲ್ಲಿಸಿದ್ದೇನೆ. ತಿಂಗಳುವಾರು, ಬೆಳಗಿನ ಮತ್ತು ಮಧ್ಯಾಹ್ನದ ಹಾಜರಿಯನ್ನು ಬೇರೆ ಬೇರೆ ತೋರಿಸಿ, 75ಕ್ಕಿಂತ ಕೆಳಗಿರುವ ಮಕ್ಕಳ ಸಂಖ್ಯೆಯನ್ನು ಬರೆಯುತ್ತೇನೆ. ಪಕ್ಕದ ಅಂಕಣದಲ್ಲಿ ಬಿಸಿಯೂಟದ ಸಂಖ್ಯೆ ಇರುತ್ತದೆ. ಹಾಜರಿಗಿಂತ ಊಟದವರು ಹೆಚ್ಚಿದ್ದರೆ ಮಕ್ಕಳು ತಡವಾಗಿ ಬರುತ್ತಿದ್ದಾರೆ. ಬಹಳ ಕಡಿಮೆಯಿದ್ದರೆ ಹಾಜರಿಯನ್ನೇ ಒಮ್ಮೆ ಪರಿಶೀಲಿಸಬೇಕು. ಮನೆಯಿಂದ ಡಬ್ಬಿ ತರುವವರೂ ಇರುವುದರಿಂದ ಇದು ನಿಖರವಾದ ತಕ್ಕಡಿಯಲ್ಲ, ಆದರೂ ಎಲ್ಲಿ ನೋಡಬೇಕೆಂದು ಹೇಳುತ್ತದೆ.

ಸಹಪಠ್ಯದ ಭಾಗ ಬಹುಮಾನಗಳ ಪಟ್ಟಿಯಾಗಿತ್ತು. ಪ್ರತಿಭಾ ಕಾರಂಜಿ ಮತ್ತು ಕ್ರೀಡಾಕೂಟಗಳಲ್ಲಿ ಹದಿನಾಲ್ಕು ಬಹುಮಾನಗಳೆಂದು ಬರೆದಿದ್ದನ್ನು ಹೆಸರು ಹಿಡಿದು ಎಣಿಸಿದಾಗ ಮಕ್ಕಳು ಒಂಬತ್ತೇ. ಕಂಠಪಾಠ, ಭಾಷಣ, ಪ್ರಬಂಧ ಮೂರರಲ್ಲಿಯೂ ಒಬ್ಬಳೇ ಹುಡುಗಿ. ಈಗ ಬಹುಮಾನದ ಜೊತೆಗೆ ವರ್ಷದಲ್ಲಿ ಒಮ್ಮೆಯಾದರೂ ಪಾಲ್ಗೊಂಡ ಮಕ್ಕಳ ಸಂಖ್ಯೆಯನ್ನೂ ಕೊಡುತ್ತೇನೆ. ಆ ಹತ್ತು ಮಕ್ಕಳಲ್ಲಿ ಇಬ್ಬರು ಖೋಖೋ ತಂಡದಲ್ಲಿದ್ದರು, ತಾಲ್ಲೂಕು ಪಂದ್ಯದವರೆಗೆ ಒಂದು ದಿನವೂ ತಪ್ಪಿಸಿರಲಿಲ್ಲ. ಆಟವೇ ಅವರನ್ನು ಹಿಡಿದಿಟ್ಟಿತ್ತೆಂದು ನಮ್ಮ ದೈಹಿಕ ಶಿಕ್ಷಕರು ವಾದಿಸುತ್ತಾರೆ. ಪಂದ್ಯ ಮುಗಿದದ್ದೂ ಕ್ರಾಸಿಂಗ್ ಶುರುವಾದದ್ದೂ ಒಂದೇ ವಾರವಾದ್ದರಿಂದ ನಾನು ಅದನ್ನು ವರದಿಯಲ್ಲಿ ಬರೆಯಲಿಲ್ಲ.

ಮಂಡಳಿಯ ಕೆಲವರಿಗೆ ಹೊಸ ವರದಿ ರುಚಿಸಲಿಲ್ಲ. ಪಕ್ಕದ ಶಾಲೆಯವರು ಬ್ಯಾನರ್ ಕಟ್ಟುವಾಗ ನಾವೇ ನಮ್ಮ ಅಂಕಿ ಇಳಿಸಿಕೊಳ್ಳುವುದೇಕೆಂದು ಕೇಳಿದರು. ಬ್ಯಾನರಿಗೆ ರೂಢಿಯ ಅಂಕಿಯನ್ನೇ ಹಾಕಿರಿ, ಸಭೆಗೆ ಎರಡೂ ಇರಲಿ ಎಂದೆ. ಅಂದಿನ ಸಭೆಯಲ್ಲಿ ಎರಡು ಠರಾವುಗಳಾದವು. ಆಗಸ್ಟ್‌ನಿಂದ ನವೆಂಬರ್‌ವರೆಗೆ ಹತ್ತನೆಯ ತರಗತಿಯ ಗಣಿತವನ್ನು ಊಟದ ನಂತರಕ್ಕೆ ಹಾಕುವುದು; ಬೀಜದ ಪ್ಲಾಟ್ ಇರುವ ಮನೆಗಳಿಗೆ ಸದಸ್ಯರೇ ಹೋಗಿ ಮಾತನಾಡುವುದು. ಸದಸ್ಯರಲ್ಲಿ ಇಬ್ಬರಿಗೆ ಸ್ವಂತ ಪ್ಲಾಟ್ ಇದ್ದುದರಿಂದ ಎರಡನೆಯದರ ಚರ್ಚೆ ಸ್ವಲ್ಪ ಉದ್ದವಾಯಿತು.

2023-24ರಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳು ಬಂದದ್ದರಿಂದ ಜೂನ್‌ನಲ್ಲಿ ಓದಿದ ಫಲಿತಾಂಶ ಪೂರ್ಣವಾಗಿರಲಿಲ್ಲ. ಆ ವರ್ಷದ ವರದಿಯಲ್ಲಿ ಪರೀಕ್ಷೆ-1ರ ಅಂಕಿಗಳ ಕೆಳಗೆ, ಬಾಕಿ ಉಳಿದ ಮಕ್ಕಳ ಹೆಸರಿನ ಮುಂದೆ ಎರಡು ಅಂಕಣಗಳನ್ನು ಖಾಲಿ ಬಿಟ್ಟಿದ್ದೆ. ಆ ಹಿರಿಯ ಸದಸ್ಯರು ತಮ್ಮ ಪ್ರತಿಯನ್ನು ಮಡಚಿ ಜೇಬಿಗೆ ಇಟ್ಟುಕೊಂಡು, ಆಗಸ್ಟ್‌ನಲ್ಲಿ ಬಂದು ತುಂಬಿಸಿಕೊಂಡು ಹೋಗುತ್ತೇನೆಂದು ಹೇಳಿ ಹೋದರು.