ಶುಕ್ರವಾರ ಕಳಿಸಿದ ಹಣ ಮಂಗಳವಾರ ಏಕೆ?

"ಶುಕ್ರವಾರ ಸಂಜೆ 5:10ಕ್ಕೇ ಖಾತೆಯಿಂದ ಕಡಿತವಾಯ್ತು, ಸೋಮವಾರ ರಜೆ, ತಲುಪಿದ್ದು ಮಂಗಳವಾರ. ಅಲ್ಲಿಯವರೆಗೆ ಹಣ ಎಲ್ಲಿತ್ತು?"

ನಿಮ್ಮ ಬ್ಯಾಂಕಿನಲ್ಲೇ, ಬಾಕಿ ಪಾವತಿಗಳ ಒಳಖಾತೆಯೊಂದರಲ್ಲಿ. ಕಡಿತ ತಕ್ಷಣ ಆಗುತ್ತೆ, ಆದರೆ ಬ್ಯಾಚ್ ಪದ್ಧತಿಯಲ್ಲಿ ಬ್ಯಾಂಕುಗಳು ಒಂದೊಂದು ಪಾವತಿಗೂ ಬೇರೆ ಬೇರೆ ಲೆಕ್ಕ ಚುಕ್ತಾ ಮಾಡಲ್ಲ. ಗಡುವಿನವರೆಗೆ ಬಂದ ಆದೇಶಗಳನ್ನೆಲ್ಲ ಒಂದೇ ಫೈಲಿಗೆ ಸೇರಿಸಿ ಕ್ಲಿಯರಿಂಗ್‌ಗೆ ಕಳಿಸುತ್ತವೆ. ಅಲ್ಲಿ ಕೊಡೋದು, ಬರೋದು ಪರಸ್ಪರ ವಜಾ ಆಗಿ, ಉಳಿದ ವ್ಯತ್ಯಾಸವಷ್ಟೇ ಕೇಂದ್ರ ಬ್ಯಾಂಕಿನಲ್ಲಿರುವ ಅವುಗಳ ಖಾತೆಗಳ ನಡುವೆ ದಾಟುತ್ತೆ. ಗಡುವು 5 ಗಂಟೆ ಆಗಿದ್ದರೆ ನಿಮ್ಮ ಆದೇಶಕ್ಕಿಂತ ಹತ್ತು ನಿಮಿಷ ಮೊದಲೇ ಆ ದಿನದ ಕೊನೆಯ ಫೈಲು ಮುಚ್ಚಿತ್ತು. ಶನಿ, ಭಾನು, ಸೋಮ ಮೂರೂ ದಿನ ಚುಕ್ತಾ ಇಲ್ಲದಿದ್ದರೆ ಮಂಗಳವಾರದ ಮೊದಲ ಬ್ಯಾಚೇ ಗತಿ. (ಆ್ಯಪ್‌ ಮಾತ್ರ ಶುಕ್ರವಾರವೇ 'ಯಶಸ್ವಿ' ಅಂತ ಹಸಿರು ಗುರುತು ತೋರಿಸಿರುತ್ತೆ!) ನಿಜಕ್ಕೂ ನೋಡಬೇಕಾದ್ದು ಹಣ ಪಡೆದವರ ಸ್ಟೇಟ್‌ಮೆಂಟಿನಲ್ಲಿರುವ ಜಮಾ ದಿನಾಂಕ.