ಪತ್ರಿಕೆಯಲ್ಲಿ ಇದ್ದದ್ದು, ವೇದಿಕೆಯಲ್ಲಿ ಆದದ್ದು

ಧಾರವಾಡದಲ್ಲಿ ವಿಚಾರ ಸಂಕಿರಣಗಳಿಗೆ ಎಂದೂ ಬರವಿಲ್ಲ. 1890ರಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿದಾಗಿನಿಂದ ಈ ಊರು ಭಾಷಣ ಕೇಳುತ್ತಲೇ ಬಂದಿದೆ. ಯಾರ ಮಾತಿಗೆ ಚಪ್ಪಾಳೆ, ಯಾರ ಹೊತ್ತಿಗೆ ಚಹಾ ಅನ್ನೋದು ಇಲ್ಲಿನ ಸಭಿಕರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಂಜೆ ನಿರೂಪಕಿ ‘ಈಗ ವಂದನಾರ್ಪಣೆ’ ಅಂದಕೂಡಲೇ ಹಿಂದಿನ ಸಾಲುಗಳಲ್ಲಿ ಚೀಲದ ಜಿಪ್ಪುಗಳ ಸದ್ದು ಏಳುತ್ತದೆ. ಗದಗಿನವರಿಗೆ ಬಸ್ಸಿನ ಚಿಂತೆ, ಹಾವೇರಿಯವರಿಗೆ ಇನ್ನಷ್ಟು.

ಈ ವಂದನಾರ್ಪಣೆಯ ಕೆಲಸ ಸಾಮಾನ್ಯವಾಗಿ ವಿಭಾಗದಲ್ಲಿ ಎಲ್ಲರಿಗಿಂತ ಕಿರಿಯ ಅಧ್ಯಾಪಕನ ಪಾಲಿಗೆ ಬರುತ್ತದೆ. ಅವನು ಹಿಂದಿನ ರಾತ್ರಿಯೇ ಆಮಂತ್ರಣ ಪತ್ರಿಕೆ ಮುಂದಿಟ್ಟುಕೊಂಡು ಚೆಂದದ ಅಕ್ಷರದಲ್ಲಿ ಬರೆದಿಡುತ್ತಾನೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಪತ್ರಿಕೆಯಲ್ಲಿರುವುದು ನಡೆಯಬೇಕಾದ ದಿನ. ನಡೆದ ದಿನದ ಸಂಗತಿ ಅದರಲ್ಲಿರುವುದಿಲ್ಲ.

ಇಲ್ಲಿಯ ಒಂದು ಕಾಲೇಜಿನಲ್ಲಿ ಸಿರಿಧಾನ್ಯದ ಬಗ್ಗೆ ಸಂಕಿರಣವಿತ್ತು. ದಿಕ್ಸೂಚಿ ಭಾಷಣಕ್ಕೆ ಬರಬೇಕಾದವರ ರೈಲು ಬೆಂಗಳೂರಿನಿಂದ ತಡವಾಗಿ ಹೊರಟಿತ್ತು. ಮಧ್ಯಾಹ್ನ ಎರಡಕ್ಕೆ ಮಾತಾಡಬೇಕಿದ್ದ ಗದಗಿನ ಮೇಡಂ ಅವರನ್ನು ಹನ್ನೊಂದಕ್ಕೇ ಎಬ್ಬಿಸಿದರು. ಅವರ ಪೆನ್‌ಡ್ರೈವ್ ಇನ್ನೂ ಕಂಪ್ಯೂಟರಿಗೆ ತಲುಪಿರಲಿಲ್ಲ. ಪರದೆಯ ಹಂಗಿಲ್ಲದೆ ಅವರು ಮಾತಾಡಿ ಮುಗಿಸಿದರು. ದಿಕ್ಸೂಚಿಯವರು ಹನ್ನೆರಡಕ್ಕೆ ಬಂದು, ತಡವಾದದ್ದನ್ನು ಬಡ್ಡಿಸಮೇತ ತೀರಿಸುವಷ್ಟು ಮಾತಾಡಿದರು. ಹೀಗಾಗಿ ಹಾವೇರಿಯ ಸರ್ ಅವರ ನಲವತ್ತು ನಿಮಿಷ ಹದಿನೈದಕ್ಕೆ ಇಳಿಯಿತು. ಇನ್ನೊಬ್ಬರು ಜ್ವರದಿಂದ ಬರಲೇ ಇಲ್ಲ.

ಸಂಜೆ ನಮ್ಮ ಹುಡುಗ ರಾತ್ರಿಯ ಹಾಳೆಯನ್ನೇ ಓದಿದ. ಹಾವೇರಿಯವರ ‘ಸವಿಸ್ತಾರವಾದ’ ಮಾತಿಗೆ ವಂದನೆ ಸಂದಿತು. ಬಾರದವರ ವಿದ್ವತ್ಪೂರ್ಣ ಉಪನ್ಯಾಸಕ್ಕೂ ಸಂದಿತು. ಮುಂದಿನ ಸಾಲಿನ ಹಿರಿಯರೊಬ್ಬರು, “ಅವರು ಯಾವಾಗ ಬಂದು ಹೋದ್ರೋ ತಮ್ಮಾ?” ಅಂದದ್ದು ಮೈಕಿಗೂ ಕೇಳಿಸಿತು.

ಇದನ್ನು ಚೆನ್ನಾಗಿ ಮಾಡುವ ನಿವೃತ್ತ ಮಾಸ್ತರರೊಬ್ಬರನ್ನು ನಾನು ನೋಡಿದ್ದೇನೆ. ಅವರು ಬರೆಯಲು ಕೂರುವುದು ರೊಟ್ಟಿ, ಎಣ್ಣೆಗಾಯಿ ಊಟ ಮುಗಿದ ಮೇಲೆ, ಉಳಿದವರು ಆಕಳಿಸುವ ಹೊತ್ತಿಗೆ. ಪತ್ರಿಕೆಯ ಮೇಲೆ ಕೆಂಪು ಪೆನ್ನಿನಿಂದ ಬಾರದವರನ್ನು ಹೊಡೆದುಹಾಕುತ್ತಾರೆ, ಜಾಗ ಬದಲಾದವರಿಗೆ ಬಾಣದ ಗುರುತು ಎಳೆಯುತ್ತಾರೆ. ಆಮೇಲೆ ಒಬ್ಬೊಬ್ಬರ ಹತ್ತಿರ ಹೋಗಿ, “ನಿಮ್ಮ ಇನಿಷಿಯಲ್ ಎಂ.ಬಿ. ಏನ್ರಿ, ಬಿ.ಎಂ. ರೀ?” ಎಂದು ಕೇಳಿಕೊಂಡು ಬರುತ್ತಾರೆ. ಇನಿಷಿಯಲ್ ತಪ್ಪಿದರೆ ಈ ಕಡೆ ಮನುಷ್ಯನೇ ಬದಲಾಗಿಬಿಡುತ್ತಾನೆ.

ವೇಳೆ ಕಳೆದುಕೊಂಡವರ ವಿಷಯದಲ್ಲಿ ಅವರ ನಾಜೂಕು ನೋಡಬೇಕು. ‘ಕಡಿಮೆ ಸಮಯದಲ್ಲಿ ಚೆನ್ನಾಗಿ ಮಾತಾಡಿದರು’ ಅನ್ನುವುದು, ಅರ್ಧ ಊಟಕ್ಕೆ ಎಬ್ಬಿಸಿದ ಬೀಗರಿಗೆ ‘ಮಿತಾಹಾರಿಗಳು’ ಎಂದು ಹೊಗಳಿದ ಹಾಗೆ. ಮಾಸ್ತರರು ಗಡಿಯಾರದ ಸುದ್ದಿಗೇ ಹೋಗುವುದಿಲ್ಲ. ಅವರಾಗಿದ್ದರೆ ಹಾವೇರಿಯವರು ಹೇಳಿದ್ದರಲ್ಲೇ ಒಂದು ಸಂಗತಿ ಎತ್ತಿಕೊಳ್ಳುತ್ತಿದ್ದರು: ನವಣೆಯ ಸಿಪ್ಪೆ ತೆಗೆಯುವ ಯಂತ್ರ ಊರ ಹತ್ತಿರ ಇಲ್ಲದಿದ್ದರೆ ರೈತ ಅದನ್ನು ಅಕ್ಕಿ ಮಾಡಿಸದೆ ಹಾಗೇ ಮಾರಿಬಿಡುತ್ತಾನೆ, ಅನ್ನುವ ಮಾತು. ಅಷ್ಟು ಹೇಳಿದರೆ, ಕೇಳಿಸಿಕೊಂಡಿದ್ದಾರೆ ಎಂದು ಅವರಿಗೆ ತಿಳಿಯುತ್ತದೆ. ಗದಗಿನ ಮೇಡಂಗೆ ಮಾತ್ರ ಬದಲಾವಣೆಯನ್ನು ಬಾಯಿಬಿಟ್ಟೇ ಹೇಳಬೇಕು, ಯಾಕೆಂದರೆ ಬೆಳಗಿನ ಮರ್ಯಾದೆ ಉಳಿಸಿದವರೇ ಅವರು. ರೈಲಿನ ಕಥೆ ಬೇಡ. ಅದನ್ನು ಹೇಳಿದರೆ ಮೇಡಂಗೆ ಸಲ್ಲಬೇಕಾದ ವಂದನೆ ದಿಕ್ಸೂಚಿಯವರ ಮೇಲಿನ ದೂರಾಗುತ್ತದೆ. ಬಾರದವರು ಪ್ರಬಂಧ ಕಳಿಸಿದ್ದರೆ ಅದಕ್ಕೊಂದು ವಾಕ್ಯ, ಇಲ್ಲದಿದ್ದರೆ ಮೌನ.

ಇದೆಲ್ಲ ಮೂರು ನಿಮಿಷದೊಳಗೆ, ಅಂದರೆ ಹೆಚ್ಚೆಂದರೆ ಮುನ್ನೂರು ಪದಗಳಲ್ಲಿ ಮುಗಿಯಬೇಕು. ಇಪ್ಪತ್ತು ಹೆಸರುಗಳನ್ನು ಪದವಿ, ಹುದ್ದೆಗಳೊಂದಿಗೆ ಓದಿದರೆ ಅದರಲ್ಲಿ ಅರ್ಧ ಅಲ್ಲೇ ಕರಗುತ್ತದೆ. ಆದ್ದರಿಂದ ಮಾಸ್ತರರು ‘ತನು ಮನ ಧನ’ವನ್ನೂ ‘ಪ್ರತ್ಯಕ್ಷವಾಗಿ, ಪರೋಕ್ಷವಾಗಿ’ಯನ್ನೂ ಬಿಟ್ಟುಬಿಡುತ್ತಾರೆ. (ದಾನಿಗಳನ್ನು ಬಿಡುವುದಿಲ್ಲ. ಅವರ ಸರದಿ ತಪ್ಪಿದರೆ ಮುಂದಿನ ವರ್ಷ ಸಂಕಿರಣವೇ ಇರುವುದಿಲ್ಲ.)

ಉಳಿಸಿದ ಪದಗಳು ಸ್ವಯಂಸೇವಕರಿಗೆ ಹೋಗುತ್ತವೆ. ‘ಎಲ್ಲ ಎನ್ನೆಸ್ಸೆಸ್ ವಿದ್ಯಾರ್ಥಿಗಳಿಗೂ’ ಅಂದರೆ ಯಾವ ಹುಡುಗನೂ ತಲೆ ಎತ್ತುವುದಿಲ್ಲ. ಸ್ಟೇಷನ್ನಿನಲ್ಲಿ ಎರಡು ತಾಸು ಕಾದವನು, ವೇಳಾಪಟ್ಟಿಯನ್ನು ಮತ್ತೆ ಮತ್ತೆ ತಿದ್ದಿ ಬಾಗಿಲಿಗೆ ಅಂಟಿಸಿದವಳು, ಹೆಚ್ಚಿಗೆ ಬಂದ ಮಂದಿಯನ್ನು ನೋಡಿ ಅಡುಗೆಯವರಿಗೆ ಮೊದಲೇ ಹೇಳಿಬಂದವನು ಎಂದು ಕೆಲಸ ಹಿಡಿದು ಹೆಸರು ಹೇಳಿದರೆ ಹಿಂದಿನಿಂದ ಸಿಳ್ಳೆ ಬೀಳುತ್ತದೆ. ಚೀಲ ಹೆಗಲಿಗೇರಿಸಿದವರೂ ಒಂದು ಕ್ಷಣ ಯಾರವನು ಎಂದು ತಿರುಗಿ ನೋಡುತ್ತಾರೆ.

ಪ್ರಮಾಣಪತ್ರ ಯಾವ ಕೋಣೆಯಲ್ಲಿ ಕೊಡುತ್ತಾರೆ ಅನ್ನೋದನ್ನು ಮಾತ್ರ ಅವರು ರಾಷ್ಟ್ರಗೀತೆ ಮುಗಿಯುವ ತನಕ ಯಾರಿಗೂ ಹೇಳುವುದಿಲ್ಲ.