ಕನ್ನಡ ಸ್ಕ್ರಿಪ್ಟ್‌ಗೆ ಒಂದು ಚುಕ್ಕಿ, ಒಂದು @

ನಾಟಕ, ಕಿರುಚಿತ್ರ ಬರೆಯುವ ಗೆಳೆಯರು ಸ್ಕ್ರಿಪ್ಟನ್ನು ಪ್ಲೇನ್ ಟೆಕ್ಸ್ಟ್‌ನಲ್ಲೇ ಇಟ್ಟುಕೊಳ್ಳಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ವರ್ಡ್‌ನಲ್ಲಿ ಸ್ಪೇಸ್ ಒತ್ತಿ ಒತ್ತಿ ಮಾತನ್ನು ಪುಟದ ನಡುವಿಗೆ ತಂದಿರುತ್ತೇವೆ. ಅದೇ ಫೈಲನ್ನು ಕಲಾವಿದರು ಮೊಬೈಲಿನಲ್ಲಿ ತೆರೆದರೆ ಸಾಲುಗಳು ಎಲ್ಲೆಲ್ಲೋ ಮುರಿದು, ಯಾರ ಮಾತು ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ.

ಇದಕ್ಕೆ ಪ್ಲೇನ್ ಟೆಕ್ಸ್ಟ್‌ನಲ್ಲೇ ಸ್ಕ್ರಿಪ್ಟ್ ಬರೆಯುವ ಫೌಂಟನ್ ಅನ್ನೋ ಕ್ರಮ ಇದೆ. ಹಾಲಿವುಡ್ ಚಿತ್ರಕಥೆಗಾರ ಜಾನ್ ಆಗಸ್ಟ್, ಸ್ಟು ಮಾಶ್ವಿಟ್ಜ್ ಮುಂತಾದವರು 2012ರಲ್ಲಿ ತಂದದ್ದು. ಬರೆಯುವವರು ಬರೀ ಸಾಲು ಬರೆದರೆ ಸಾಕು. ಹೆಸರು ಎಲ್ಲಿ, ಮಾತು ಎಲ್ಲಿ ಕೂರಬೇಕು ಅನ್ನೋದನ್ನು ಫೌಂಟನ್ ಓದಬಲ್ಲ ಆ್ಯಪ್ ನೋಡಿಕೊಳ್ಳುತ್ತದೆ.

ಕನ್ನಡದವರು ಎಡವೋದು ಇಲ್ಲೇ. ಇಂಗ್ಲಿಷಿನಲ್ಲಿ ಪೂರ್ತಿ ದೊಡ್ಡಕ್ಷರದ ಸಾಲು ಕಂಡರೆ ಅದು ಪಾತ್ರದ ಹೆಸರು ಅಂತ ಫೌಂಟನ್ ತಿಳಿಯುತ್ತದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ವಲ್ಲ! ಹಾಗಾಗಿ ಹೆಸರಿನ ಮುಂದೆ @ ಹಾಕಬೇಕು. ದೃಶ್ಯದ ತಲೆಬರಹಕ್ಕೂ ಅಷ್ಟೇ, ಒಳಾಂಗಣ, ಹೊರಾಂಗಣ ಅಂತ ಹೇಳುವ INT., EXT. ಇಲ್ಲದಿದ್ದರೆ ಮುಂದೊಂದು ಚುಕ್ಕಿ ಇಡಬೇಕು.

```
.ಗೌಡರ ಮನೆ ಜಗಲಿ - ಸಂಜೆ

ರುಕ್ಮಿಣಿ ಅಕ್ಕಿ ಆರಿಸುತ್ತಿದ್ದಾಳೆ.

@ಗೌಡರು
(ಮೆಲ್ಲಗೆ)
ಕಾಗದ ಬಂತೇನಮ್ಮ?

@ರುಕ್ಮಿಣಿ
ಬಂತು ಮಾವ. ಓದೋರು ಯಾರೂ ಇರ್ಲಿಲ್ಲ.
```

@ ಬಿಟ್ಟು ನೋಡಿ. ‘ಗೌಡರು’ ರಂಗಸೂಚನೆಯ ಹಾಗೆ ಎಡಕ್ಕೆ ಅಂಟಿಕೊಳ್ಳುತ್ತದೆ, ಮಾತೂ ಅದರ ಜೊತೆಗೇ ಹೋಗುತ್ತದೆ. ಹೆಸರಿಗೂ ಮಾತಿಗೂ ನಡುವೆ ಖಾಲಿ ಸಾಲು ಬಿಟ್ಟರೂ ಮಾತು ಮಾತಾಗಿ ಉಳಿಯುವುದಿಲ್ಲ. ಉದ್ದದ ಸ್ವಗತದ ನಡುವೆ ಖಾಲಿ ಸಾಲು ಬೇಕೇ ಬೇಕು ಅಂದ್ರೆ ಆ ಸಾಲಿನಲ್ಲಿ ಎರಡು ಸ್ಪೇಸ್ ಒತ್ತಿ. ನಾಟಕದ ಹಾಡಿನ ಪ್ರತಿ ಸಾಲಿನ ಮುಂದೆ ~ ಹಾಕಿದರೆ ಅದು ಹಾಡು ಅಂತ ಬೇರೆಯಾಗಿ ಕಾಣುತ್ತದೆ.

ಹೆಸರಿನ ವಿಷಯದಲ್ಲಿ ಮಾತ್ರ ಹಟ ಹಿಡಿಯಿರಿ. ನಾವು ಒಂದು ಕಡೆ ‘ಗೌಡ’ ಅಂತ ಬರೀತೀವಿ, ಗೌರವ ಬಂದಾಗ ‘ಗೌಡರು’ ಅಂತೀವಿ. ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಬೇರೆ ಪಾತ್ರಗಳು. ಸೂಚನೆಯೊಳಗೆ ಹೇಗೆ ಬೇಕಾದರೂ ಕರೆಯಿರಿ, @ ಸಾಲಿನಲ್ಲಿ ಮಾತ್ರ ಹೆಸರು ಕೊನೇತನಕ ಒಂದೇ ಇರಲಿ. ಆಗ ‘@ರುಕ್ಮಿಣಿ’ ಅಂತ ಹುಡುಕಿದರೆ ಆಕೆ ಬಾಯಿಬಿಡುವ ಜಾಗವೆಲ್ಲ ಒಂದೊಂದಾಗಿ ಸಿಗುತ್ತದೆ. ಪಾತ್ರ ಮಾಡುವ ಹುಡುಗಿಗೆ ಅವಳ ಮಾತುಗಳನ್ನು ಆರಿಸಿ ಕೊಡೋದು ಎಷ್ಟು ಸಲೀಸು ಅಲ್ವಾ? ಈ ಒಂದು ಅನುಕೂಲಕ್ಕಾದರೂ ನಮ್ಮ ಹವ್ಯಾಸಿ ತಂಡಗಳು ಈ ಕಡೆ ಬರಬೇಕು ಅಂತ ನನ್ನ ಆಸೆ.

ಬರೆಯೋದು ಯೂನಿಕೋಡ್‌ನಲ್ಲೇ ಇರಲಿ. ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಹಾಕಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಮೊದಲು ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರಗಳನ್ನು ಒಂದ್ಸಲ ಕಣ್ಣಾಡಿಸಿ ನೋಡಿ.

ಇನ್ನು ಚಿತ್ರಕಥೆಯ ಒಂದು ಪುಟಕ್ಕೆ ತೆರೆಯ ಮೇಲೆ ಒಂದು ನಿಮಿಷ ಅನ್ನೋ ಲೆಕ್ಕ ನಮಗೆ ಹೊಂದೋದಿಲ್ಲ. ಅದು ಕೊರಿಯರ್ ಫಾಂಟಿನ ಇಂಗ್ಲಿಷ್ ಪುಟದ ಲೆಕ್ಕ. ಕನ್ನಡದ ಅಕ್ಷರದ ಅಗಲವೂ ಬೇರೆ, ಸಾಲಿನ ಎತ್ತರವೂ ಬೇರೆ. ಅವಧಿ ಗೊತ್ತಾಗಬೇಕಾದರೆ ತಂಡ ಕೂತು ಗಟ್ಟಿಯಾಗಿ ಓದಬೇಕು, ಒಬ್ಬರು ಗಡಿಯಾರ ನೋಡಬೇಕು.